ಒಳಪರೀಕ್ಷೆಗೆ ಹೆದರಿ ತಪಾಸಣೆಯನ್ನೇ ಬಿಟ್ಟಿದ್ದ ಬಸುರಿ

ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ 23 ವರ್ಷದ ಚೊಚ್ಚಲ ಬಸುರಿ. ಗುರುತಿನ ವಿವರ ಬದಲಿಸಿದೆ. 39ನೇ ವಾರದ ತಪಾಸಣೆ ತಪ್ಪಿಸಿಕೊಂಡಿದ್ದರಿಂದ ಆಶಾ ಕಾರ್ಯಕರ್ತೆ ನಮ್ಮ ಬಳಿ ಕರೆತಂದಿದ್ದರು. ಹಿಂದಿನ ವಾರ ಆಸ್ಪತ್ರೆಯಲ್ಲಿ "ಕಾಲು ಮಡಚಮ್ಮ" ಎಂದಷ್ಟೇ ಹೇಳಿ ಒಳಪರೀಕ್ಷೆ ಮಾಡಿದ್ದರು. ಪರದೆ ಅರ್ಧ ತೆರೆದಿತ್ತು. ಕೊನೆಗೆ ಬೆರಳನ್ನು ಸುತ್ತ ತಿರುಗಿಸಿದಂತಾಗಿ ಜೋರು ನೋವು. ರಾತ್ರಿ ಕಂದು ಬಣ್ಣದ ಲೋಳೆ ಹೋಗಿತ್ತು.

"ಕೂಸಿಗೆ ಪೆಟ್ಟಾತೇನೋ ಅಂತ ಹೆದರಿಕಿ ಆತ್ರೀ. ಇನ್ನ ನೋವು ಬಂದ್ಮ್ಯಾಲೇ ಹೋಗ್ತೀನಿ."

ಲೋಳೆ ಮರುದಿನವೇ ನಿಂತಿತ್ತು, ಮಗು ಎಂದಿನಂತೆ ಆಡುತ್ತಿತ್ತು. ಪರೀಕ್ಷೆಯ ನಂತರ ಗರ್ಭದ ಬಾಯಿಯಿಂದ ಸ್ವಲ್ಪ ಕಲೆ ಕಾಣುವುದುಂಟು, ಬೆರಳು ಮಗುವಿಗೆ ಪೆಟ್ಟು ಮಾಡುವುದಿಲ್ಲ ಎಂದು ಮೊದಲು ತಿಳಿಸಲಾಯಿತು. ಮುಟ್ಟಿನಷ್ಟು ಕೆಂಪು ರಕ್ತ ಹೋದರೆ, ನೀರು ಸೋರಿದರೆ ಅಥವಾ ಮಗುವಿನ ಆಟ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಒಳಪರೀಕ್ಷೆಯಲ್ಲಿ ಎರಡು ಬೆರಳಿನಿಂದ ಗರ್ಭದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆಳುವಾಗಿದೆ, ಎಷ್ಟು ಸೆಂಟಿಮೀಟರ್ ತೆರೆದಿದೆ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂದು ನೋಡುತ್ತಾರೆ. ಇಂತಿಷ್ಟೇ ದಿನಕ್ಕೆ ಹೆರಿಗೆಯಾಗುತ್ತದೆ ಎಂದು ಇದರಿಂದ ಹೇಳಲಾಗದು. ಬಿಪಿ, ಮೂತ್ರ, ಹೊಟ್ಟೆಯ ಅಳತೆ, ಮಗುವಿನ ಎದೆಬಡಿತ ಇವು ಯಾವುದಕ್ಕೂ ಒಳಪರೀಕ್ಷೆ ಬೇಕಿಲ್ಲ. ಅದನ್ನು ಬೇಡವೆಂದರೂ ತಪಾಸಣೆಗೆ ಹೋಗಲೇಬೇಕು. ಏರಿದ ಬಿಪಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ.

ಬೆರಳು ಸುತ್ತಿಸಿದ್ದು ‘ಸ್ವೀಪಿಂಗ್’ ಇದ್ದಿರಬಹುದು. ಗರ್ಭದ ಬಾಯಿಯೊಳಗೆ ಬೆರಳು ತೂರಿಸಿ, ನೀರಿನ ಚೀಲವನ್ನು ಗರ್ಭದ ಗೋಡೆಯಿಂದ ಬಿಡಿಸಿ ಹೆರಿಗೆ ನೋವು ಬರುವಂತೆ ಮಾಡುವ ಕ್ರಮವಿದು. ಇದು ತಪಾಸಣೆಯಲ್ಲ, ಚಿಕಿತ್ಸೆ. ಒಳಪರೀಕ್ಷೆಗೆ ಒಪ್ಪಿದರೆ ಇದಕ್ಕೂ ಒಪ್ಪಿದಂತಲ್ಲ. ಕೇಳದೆ ಮಾಡಿದ್ದರೆ ಅದು ತಪ್ಪೇ, ಆಕೆಯ ಸಿಟ್ಟು ನ್ಯಾಯವಾದದ್ದು.

ವೈದ್ಯರ ಮುಂದೆ ಹೇಳಲು ಮೂರು ಮಾತು ರೂಢಿ ಮಾಡಿಸಲಾಯಿತು: "ಮೇಡಂ, ಈಗ ಒಳಗೆ ನೋಡೋದರಿಂದ ಏನು ತೀರ್ಮಾನ ಆಗುತ್ತೆ?" "ಸ್ವೀಪಿಂಗ್ ಮಾಡೋದಾದ್ರೆ ಮೊದಲೇ ಕೇಳಿ." "ನಾನು ಕೈ ಎತ್ತಿದ್ರೆ ನಿಲ್ಲಿಸಿ." ವೈದ್ಯರು ಗಂಡಸಾಗಿದ್ದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕೆಂದು ಕೇಳುವುದು ಹಕ್ಕು. ವಿದ್ಯಾರ್ಥಿಗಳು ಪರೀಕ್ಷಿಸುವುದಕ್ಕೂ ಬೇರೆಯಾಗಿಯೇ ಒಪ್ಪಿಗೆ ಕೇಳಬೇಕು. ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದಿದ್ದರೆ ಮೊದಲೇ ಹೇಳಬೇಕು, ಬೆರಳು ತಾಗಿದರೆ ರಕ್ತಸ್ರಾವವಾಗಬಹುದು.

ಪರೀಕ್ಷೆಗೆ ಮುಂಚೆ ಮೂತ್ರಕ್ಕೆ ಹೋಗಿ ಬರುವುದು, ಸೊಂಟದ ಕೆಳಗೆ ಬಟ್ಟೆ ಹೊದೆಯುವುದು, ಹಿಮ್ಮಡಿ ಜೋಡಿಸಿ ಮಂಡಿಗಳನ್ನು ಎರಡೂ ಕಡೆ ಸಡಿಲ ಬಿಡುವುದು, ಬೆರಳು ಒಳಗೆ ಹೋಗುವಾಗ ನಿಧಾನ ಉಸಿರು ಬಿಡುವುದು. ನೋವಿಗೆ ಸೊಂಟ ಮೇಲೆತ್ತಿದರೆ ಸ್ನಾಯು ಬಿಗಿದು ನೋವು ಹೆಚ್ಚುತ್ತದೆ, ಆದ್ದರಿಂದ ಸೊಂಟ ಮಂಚಕ್ಕೆ ತಾಗಿರಲಿ. ಜೆಲ್ ಹಚ್ಚಿ ಎಂದು ಕೇಳಬಹುದು.

ಮರುದಿನ ಅತ್ತೆಯ ಜೊತೆ ಹೋದರು. ಬಿಪಿ, ಎದೆಬಡಿತ ಸರಿಯಿತ್ತು. "ಇವತ್ತು ಒಳಗೆ ಬೇಡ್ರಿ" ಎಂದಾಗ ವೈದ್ಯೆ ಒಪ್ಪಿದರು. 40ನೇ ವಾರ ತುಂಬಿದಾಗ ಆಕೆ ಕಾರಣ ಕೇಳಿ ತಿಳಿದು ಒಳಪರೀಕ್ಷೆಗೆ ಒಪ್ಪಿಕೊಂಡರು. ನಡುವೆ ಒಮ್ಮೆ ಕೈ ಎತ್ತಿದರು, ವೈದ್ಯೆ ನಿಲ್ಲಿಸಿದರು. ಆಕೆ ಸರಿ ಎಂದ ಮೇಲೆ ಮುಂದುವರಿಸಿ ತಾಯಿ ಕಾರ್ಡಿನಲ್ಲಿ 2 ಸೆಂಟಿಮೀಟರ್ ಎಂದು ಬರೆದರು.