ಪ್ಲೂಟೊ ಯಾವ ರಾಶಿಯಲ್ಲಿದೆ, ಯಾವ ಮನೆಯಲ್ಲಿದೆ: ಎರಡನ್ನೂ ಯಾಕೆ ಬೇರೆಬೇರೆ ಓದಬೇಕು

ಪ್ರಶ್ನೆ: ನಾನು 1990ರಲ್ಲಿ ಹುಟ್ಟಿದವಳು. ಒಂದು ಆ್ಯಪ್ "ಪ್ಲೂಟೊ ವೃಶ್ಚಿಕದಲ್ಲಿದೆ, ಹಾಗಾಗಿ ನೀವು ಗುಟ್ಟು ಬಿಡದ, ಹಟದ ಸ್ವಭಾವದವರು" ಅನ್ನುತ್ತೆ. ನನ್ನ ಕ್ಲಾಸಿನವರಿಗೆಲ್ಲ ಅದೇ ಸಾಲು ಬರ್ತಿದೆ. ಇನ್ನೊಂದು ಆ್ಯಪ್ ತುಲಾ ಅನ್ನುತ್ತೆ. ರಾಶಿ ನೋಡಬೇಕಾ, ಮನೆ ನೋಡಬೇಕಾ?

ಉತ್ತರ:

ಕ್ಲಾಸಿನವರಿಗೆಲ್ಲ ಅದೇ ಸಾಲು ಬಂದಿದೆ ಎಂದು ನೀವು ಗಮನಿಸಿದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ರಾಶಿ ನಿಮ್ಮ ತಲೆಮಾರಿನದು, ಮನೆ ನಿಮ್ಮ ಹುಟ್ಟಿದ ಹೊತ್ತು ಮತ್ತು ಊರಿನದು. ಆ ಆ್ಯಪ್ ಮಾಡಿದ ತಪ್ಪೆಂದರೆ ತಲೆಮಾರಿನ ಮಾತಿಗೆ "ನೀವು" ಎಂಬ ಪದ ಅಂಟಿಸಿದ್ದು.

ಮೊದಲು ವೇಗದ ಲೆಕ್ಕ ನೋಡಿ. ಹರ್ಷಲ್ ಎಂದೂ ಕರೆಯುವ ಯುರೇನಸ್ ರಾಶಿಚಕ್ರ ಸುತ್ತಲು 84 ವರ್ಷ ತೆಗೆದುಕೊಳ್ಳುತ್ತದೆ, ಅಂದರೆ ಒಂದು ರಾಶಿಗೆ ಸುಮಾರು ಏಳು ವರ್ಷ. ನೆಪ್ಚೂನ್‌ಗೆ 165 ವರ್ಷ, ರಾಶಿಗೆ ಹದಿನಾಲ್ಕರ ಆಸುಪಾಸು. ಪ್ಲೂಟೊಗೆ 248 ವರ್ಷ, ಆದರೆ ಅದರ ಕಕ್ಷೆ ತೀರಾ ಉದ್ದುದ್ದ ಇರುವುದರಿಂದ ಎಲ್ಲ ರಾಶಿಗೂ ಒಂದೇ ಕಾಲ ಸಿಗುವುದಿಲ್ಲ. ಅದು ಸೂರ್ಯನಿಗೆ ಅತಿ ಹತ್ತಿರ ಬಂದದ್ದು 1989ರಲ್ಲಿ. ಹಾಗಾಗಿ ವೃಶ್ಚಿಕವನ್ನು ಹನ್ನೆರಡೇ ವರ್ಷದಲ್ಲಿ ದಾಟಿತು. ಹತ್ತೊಂಬತ್ತನೇ ಶತಮಾನದಲ್ಲಿ ವೃಷಭ ದಾಟಲು ಮೂವತ್ತು ವರ್ಷ ಹಿಡಿದಿತ್ತು. ಇದಕ್ಕೆ ಎದುರಾಗಿ, ಹುಟ್ಟಿದ ಹೊತ್ತಿಗೆ ಪೂರ್ವ ದಿಗಂತದಲ್ಲಿ ಉದಯಿಸುವ ಬಿಂದುವಾದ ಲಗ್ನ ಒಂದು ಡಿಗ್ರಿ ಸರಿಯಲು ಹೆಚ್ಚುಕಡಿಮೆ ನಾಲ್ಕು ನಿಮಿಷ ಸಾಕು, ಒಂದು ರಾಶಿ ದಾಟಲು ಎರಡು ಗಂಟೆ. ಪ್ಲೂಟೊ ವೃಶ್ಚಿಕದಲ್ಲಿದ್ದಾಗ ಹುಟ್ಟಿದವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ಅಷ್ಟು ಜನಕ್ಕೆ ಸಮನಾಗಿ ಸಲ್ಲುವ ಒಂದು ಅಂಶದಿಂದ ಒಬ್ಬರ ಸ್ವಭಾವ ಹೇಳುವುದು ಹೇಗೆ?

ಒಂದು ಉದಾಹರಣೆ ಹಾಕಿ ನೋಡೋಣ. ಬೆಂಗಳೂರಿನ ಒಂದೇ ಆಸ್ಪತ್ರೆಯಲ್ಲಿ 1990ರ ಆಗಸ್ಟ್ 15ರಂದು ಎರಡು ಮಕ್ಕಳು ಹುಟ್ಟಿದವು ಎಂದಿಟ್ಟುಕೊಳ್ಳಿ, ಒಂದು ಬೆಳಗಿನ 5:30ಕ್ಕೆ, ಇನ್ನೊಂದು ಸಂಜೆ 5:30ಕ್ಕೆ. ಪಾಶ್ಚಾತ್ಯರ ಸಾಯನ ಲೆಕ್ಕದಲ್ಲಿ ಇಬ್ಬರಿಗೂ ಪ್ಲೂಟೊ ವೃಶ್ಚಿಕದ ಸುಮಾರು 15 ಡಿಗ್ರಿಯಲ್ಲಿ, ಯುರೇನಸ್ ಮಕರದ 6ರಲ್ಲಿ, ನೆಪ್ಚೂನ್ ಮಕರದ 12ರಲ್ಲಿ. ಇಲ್ಲಿಯವರೆಗೆ ಇಬ್ಬರ ಜಾತಕಕ್ಕೂ ಏನೂ ವ್ಯತ್ಯಾಸವಿಲ್ಲ. ಬೆಳಗಿನ ಮಗುವಿಗೆ ಲಗ್ನ ಸಿಂಹ 12 ಡಿಗ್ರಿ. ಅಲ್ಲಿಂದ ಎಣಿಸಿದರೆ ವೃಶ್ಚಿಕ ನಾಲ್ಕನೇ ಮನೆ. ಸಂಜೆಯ ಮಗುವಿಗೆ ಲಗ್ನ ಕುಂಭ 4 ಡಿಗ್ರಿ. ವೃಶ್ಚಿಕ ಹತ್ತನೇ ಮನೆ.

ಈಗ ಓದುವ ಕ್ರಮ. ರಾಶಿಯ ಬಗ್ಗೆ ಒಂದು ಸಾಲು ಬರೆಯಿರಿ, ಅದರ ಕರ್ತೃ "ಈ ತಲೆಮಾರು" ಆಗಿರಲಿ: ಮುಚ್ಚಿಟ್ಟದ್ದನ್ನು ಹೊರಗೆಳೆಯುವ, ಸಾವು, ಕಾಮ, ಅಧಿಕಾರದಂಥ ವಿಷಯಗಳನ್ನು ಎದುರಾಬದುರು ಮಾತಾಡುವ ಒತ್ತಡ ಈ ತಲೆಮಾರಿನದು ಎನ್ನುತ್ತದೆ ಸಂಪ್ರದಾಯ. ಆಮೇಲೆ ಮನೆಯ ಬಗ್ಗೆ ಇನ್ನೊಂದು ಸಾಲು, ಅದರಲ್ಲಿ ಸ್ವಭಾವದ ವಿಶೇಷಣವೇ ಬೇಡ, ಬದುಕಿನ ಯಾವ ಕ್ಷೇತ್ರ ಎಂಬುದಷ್ಟೇ ಸಾಕು. ಬೆಳಗಿನವರಿಗೆ ಆ ಒತ್ತಡ ಮನೆ, ತಾಯಿ, ಆಸ್ತಿ, ಬೇರುಗಳ ಸುತ್ತ. ಪಾಲು ವಿಭಾಗದಲ್ಲಿ ಯಾರ ಮಾತು ನಡೆಯುತ್ತದೆ, ಕುಟುಂಬದಲ್ಲಿ ಯಾರೂ ಎತ್ತದ ವಿಷಯ ಯಾವುದು, ಅಂಥವು. ಸಂಜೆಯವರಿಗೆ ಅದೇ ಒತ್ತಡ ಉದ್ಯೋಗ, ಮೇಲಧಿಕಾರಿ, ಹೆಸರು, ಹುದ್ದೆಯ ಸುತ್ತ. "ನೀವು ಹಟದವರು" ಎಂಬ ಮಾತು ಎರಡರಲ್ಲೂ ಎಲ್ಲೂ ಬರಲಿಲ್ಲ. ಅದು ರಾಶಿಯ ವಿಶೇಷಣವನ್ನು ಎತ್ತಿ ಮನೆಯ ಜಾಗದಲ್ಲಿ ಕೂರಿಸಿದ್ದರಿಂದ ಹುಟ್ಟಿದ ವಾಕ್ಯ. ಸಿದ್ಧ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷವೂ ಇದೇ. ಪತ್ತೆ ಮಾಡುವುದು ಸುಲಭ: ಆ ಸಾಲನ್ನು ನಿಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಯಾರ ಹೆಸರಿಗೆ ಹಾಕಿದರೂ ಬದಲಾಗುವುದಿಲ್ಲವೆಂದರೆ ಅದು ತಲೆಮಾರಿನ ಸಾಲು.

ತಲೆಮಾರಿನ ಸಾಲನ್ನೂ ಹಗುರ ಕೈಯಿಂದಲೇ ಹಿಡಿಯಿರಿ. ಪ್ಲೂಟೊ ಕಂಡುಹಿಡಿದದ್ದೇ 1930ರಲ್ಲಿ, ಆಗ ಅದು ಕರ್ಕಾಟಕದಲ್ಲಿತ್ತು. ಅಂದಿನಿಂದ ಇಂದಿಗೆ ಕುಂಭ ತಲುಪಿದೆ, ಚಕ್ರದ ಅರ್ಧವಷ್ಟೇ ಕ್ರಮಿಸಿದೆ. ಮೇಷ ಅಥವಾ ವೃಷಭದ ಪ್ಲೂಟೊ ಬಗ್ಗೆ ಬರೆದಿರುವುದೆಲ್ಲ ಇತಿಹಾಸ ಪುಸ್ತಕ ತೆರೆದಿಟ್ಟುಕೊಂಡು ಹಿಂದಕ್ಕೆ ಹೊಂದಿಸಿದ್ದು. ವೃಶ್ಚಿಕದ ಕಾಲಕ್ಕೆ ಏಡ್ಸ್ ಭೀತಿಯನ್ನೂ 1986ರ ಚೆರ್ನೋಬಿಲ್ ದುರಂತವನ್ನೂ ಜೋಡಿಸುವುದು ರೂಢಿ; ಹೊಂದದ ಘಟನೆಗಳ ಪಟ್ಟಿಯನ್ನು ಮಾತ್ರ ಯಾರೂ ಮಾಡುವುದಿಲ್ಲ. ಪ್ಲೂಟೊ "ಸ್ವಕ್ಷೇತ್ರದಲ್ಲಿದೆ, ಬಲಿಷ್ಠ" ಎಂದು ಖುಷಿಪಡುವುದಂತೂ ಬೇಡವೇ ಬೇಡ. ನೂರು ಕೋಟಿ ಜನಕ್ಕೆ ಒಟ್ಟಿಗೆ ಸಿಕ್ಕ ಬಲ ಅದು.

ಮನೆ ನೋಡಿದ ಕೂಡಲೇ ವೈಯಕ್ತಿಕವಾಗಿಬಿಡುತ್ತದೆ ಎಂದೂ ತಿಳಿಯಬೇಡಿ. ಬಹಳ ಜನ ಮುಗ್ಗರಿಸುವುದು ಇಲ್ಲೇ. ಪೂರ್ತಿ ರಾಶಿಯೇ ಒಂದು ಮನೆ ಎಂದು ಎಣಿಸುವ ಪದ್ಧತಿಯಲ್ಲಿ, ಪ್ಲೂಟೊ ವೃಶ್ಚಿಕದಲ್ಲಿದ್ದ ಅಷ್ಟೂ ವರ್ಷ ಕುಂಭ ಲಗ್ನದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಅದು ಹತ್ತನೇ ಮನೆಯೇ. ಅಂದರೆ "ಹತ್ತರಲ್ಲಿ ಪ್ಲೂಟೊ" ಎಂಬುದು ಆ ತಲೆಮಾರಿನ ಮಟ್ಟಿಗೆ "ಕುಂಭ ಲಗ್ನ" ಎಂಬುದನ್ನೇ ಬೇರೆ ಮಾತಿನಲ್ಲಿ ಹೇಳಿದಂತೆ, ಸುಮಾರು ಹನ್ನೆರಡರಲ್ಲಿ ಒಂದು ಪಾಲು ಜನ. ಇನ್ನೂ ಕಿರಿದಾಗಬೇಕಾದರೆ ಡಿಗ್ರಿ ನೋಡಬೇಕು. ಸಂಜೆ 5:30ರ ಜಾತಕದಲ್ಲಿ, ಆ್ಯಪ್‌ನಲ್ಲಿ MC ಎಂದು ತೋರಿಸುವ ದಶಮ ಬಿಂದು ವೃಶ್ಚಿಕದ ಸುಮಾರು 14ರಲ್ಲಿದೆ, ಪ್ಲೂಟೊ 15ರಲ್ಲಿ. ಒಂದೆರಡು ಡಿಗ್ರಿಯ ಈ ಸಾಮೀಪ್ಯ ಇಪ್ಪತ್ತು ನಿಮಿಷ ಆಚೀಚೆಯಾದರೆ ಉಳಿಯುವುದಿಲ್ಲ. ಆ ವ್ಯಕ್ತಿಯ ಬಗ್ಗೆ ಮಾತಾಡಲು ನಿಜವಾದ ಆಧಾರ ಅದು.

ಗ್ರಹಗಳ ನಡುವಿನ ಕೋನಗಳಾದ ದೃಷ್ಟಿಗಳಿಗೂ ಇದೇ ಅಳತೆಗೋಲು. ಆ ದಿನದ ಪ್ಲೂಟೊ–ನೆಪ್ಚೂನ್ ನಡುವೆ ಸುಮಾರು 57 ಡಿಗ್ರಿ ಇದೆ. ಅವೆರಡೂ ಕಳೆದ ಶತಮಾನದ ನಡುವಿನಿಂದ ದಶಕಗಳ ಕಾಲ 60ರ ಹತ್ತಿರದ ಅಂತರದಲ್ಲೇ ಓಡಿವೆ, ಹಾಗಾಗಿ ಅಪ್ಪನ ಜಾತಕದಲ್ಲೂ ಮಗಳ ಜಾತಕದಲ್ಲೂ ಅದು ಸಿಗಬಹುದು. ವರದಿಯಲ್ಲಿ ಆ ಪ್ಯಾರಾ ಬಂದರೆ ದಾಟಿಬಿಡಿ. ರವಿ ದಿನಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಆದ್ದರಿಂದ ಮೂರು ಡಿಗ್ರಿ ಒಳಗಿನ ರವಿ–ಪ್ಲೂಟೊ ದೃಷ್ಟಿ ಆ ಸುಮಾರು ಆರು ದಿನಗಳಲ್ಲಿ ಹುಟ್ಟಿದ ಎಲ್ಲರದ್ದೂ. ಚಂದ್ರನ ಜೊತೆಗಾದರೆ ಹತ್ತು ಹನ್ನೊಂದು ಗಂಟೆ. ಲಗ್ನದ ಜೊತೆಗಾದರೆ ಅರ್ಧ ಗಂಟೆಯೊಳಗೆ. ಯಾವುದು ಎಷ್ಟು ಬೇಗ ಅಳಿಸಿಹೋಗುತ್ತದೋ ಅದಕ್ಕೆ ಅಷ್ಟು ಹೆಚ್ಚು ಮಹತ್ವ ಕೊಡಿ.

ಇನ್ನು ತುಲಾ–ವೃಶ್ಚಿಕದ ಗೊಂದಲ. ಎರಡನೇ ಆ್ಯಪ್ ನಮ್ಮ ಪಂಚಾಂಗಗಳು ಬಳಸುವ ನಿರಯಣ ಲೆಕ್ಕದ್ದು. ಸಾಯನ, ನಿರಯಣಗಳ ನಡುವಿನ ಅಂತರವಾದ ಲಾಹಿರಿ ಅಯನಾಂಶ 1990ರಲ್ಲಿ 23 ಡಿಗ್ರಿ 43 ಕಲೆಯ ಸುಮಾರಿನಲ್ಲಿತ್ತು. ಅದನ್ನು ಕಳೆದರೆ ಪ್ಲೂಟೊ ತುಲಾದ 21ಕ್ಕೆ ಬರುತ್ತದೆ, ಯುರೇನಸ್ಸೂ ನೆಪ್ಚೂನೂ ಧನುವಿಗೆ ಬರುತ್ತವೆ. ಆದರೆ ಲಗ್ನದಿಂದಲೂ ಅಷ್ಟನ್ನೇ ಕಳೆಯಬೇಕಲ್ಲ: ಬೆಳಗಿನ ಮಗುವಿಗೆ ಲಗ್ನ ಕರ್ಕಾಟಕ, ಅಲ್ಲಿಂದ ತುಲಾ ನಾಲ್ಕು, ಸಂಜೆಯ ಮಗುವಿಗೆ ಮಕರ, ಅಲ್ಲಿಂದ ತುಲಾ ಹತ್ತು. ರಾಶಿ ಬದಲಾಯಿತು, ಮನೆ ಬದಲಾಗಲಿಲ್ಲ. ಪ್ರತಿ ಜಾತಕದಲ್ಲೂ ಹೀಗೆ ಚೊಕ್ಕವಾಗಿ ಬರುವುದಿಲ್ಲ. ಲಗ್ನ, ಗ್ರಹ ಎರಡರಲ್ಲಿ ಒಂದೇ ಹಿಂದಿನ ರಾಶಿಗೆ ಜಾರಿದರೆ ಮನೆಯೂ ಒಂದು ಸರಿಯುತ್ತದೆ. ನೆನಪಿಡಬೇಕಾದ್ದು ಇಷ್ಟು: "ವೃಶ್ಚಿಕದ ಪ್ಲೂಟೊ ತಲೆಮಾರು" ಎಂಬ ಬರಹಗಳೆಲ್ಲ ಸಾಯನ ರಾಶಿಗೆ ಬರೆದವು. ನಿರಯಣ ಆ್ಯಪ್‌ನಲ್ಲಿ ತುಲಾ ಎಂದು ನೋಡಿ, ಪಾಶ್ಚಾತ್ಯ ಲೇಖನದ ತುಲಾ ಪ್ಯಾರಾ ಓದಿದರೆ ನಿಮಗಿಂತ ಹಿರಿಯ ತಲೆಮಾರಿನ ವರ್ಣನೆ ಓದಿದಂತಾಗುತ್ತದೆ. ನಮ್ಮ ನವಗ್ರಹಗಳಲ್ಲಿ ಈ ಮೂರೂ ಇಲ್ಲ, ದಶೆಯಲ್ಲೂ ಅವಕ್ಕೆ ವರ್ಷ ಹಂಚಿಲ್ಲ. ಹಾಗಾಗಿ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಪರಿಹಾರ ಹುಡುಕಿ ಫಲವಿಲ್ಲ.

ಗಡಿಯ ವರ್ಷಗಳಲ್ಲಿ ಕೋಷ್ಟಕ ನಂಬಬೇಡಿ. "1983ರಿಂದ 1995 ವೃಶ್ಚಿಕ" ಎಂದು ಬರೆದಿರುತ್ತದೆ. ಪ್ಲೂಟೊ ವೃಶ್ಚಿಕಕ್ಕೆ ಮೊದಲು ಬಂದದ್ದು 1983ರ ನವೆಂಬರ್‌ನಲ್ಲಿ. ವಕ್ರಗತಿಯಲ್ಲಿ 1984ರ ಮೇ ತಿಂಗಳಲ್ಲಿ ತುಲಾಕ್ಕೆ ಮರಳಿ, ಆಗಸ್ಟ್ ಕೊನೆಗೆ ಮತ್ತೆ ವೃಶ್ಚಿಕ ಹೊಕ್ಕಿತು. 1984ರ ಜುಲೈನಲ್ಲಿ ಹುಟ್ಟಿದವರಿಗೆ ಸಾಯನದಲ್ಲೂ ತುಲಾವೇ. 1995ರಲ್ಲೂ ಇಂಥದ್ದೇ ಹೋಗಿ ಬರುವ ಆಟ ನಡೆದಿದೆ. ದಿನಾಂಕ ಹಾಕಿಯೇ ನೋಡಬೇಕು.

ಮನೆಯ ವಿಷಯದಲ್ಲಿ ಗಡಿಯ ತೊಂದರೆ ಇನ್ನೂ ಹೆಚ್ಚು. ಅದೇ ಸಂಜೆ 5:30ರ ಬದಲು 5:00 ಎಂದು ಹಾಕಿ ನೋಡಿ: ಸಾಯನ ಲಗ್ನ ಮಕರದ ಕೊನೆಗೆ ಹೋಗುತ್ತದೆ, ಪೂರ್ಣ ರಾಶಿ ಎಣಿಕೆಯಲ್ಲಿ ಪ್ಲೂಟೊ ಹನ್ನೊಂದಕ್ಕೆ ಬೀಳುತ್ತದೆ, ದಶಮ ಬಿಂದುವಿನಿಂದಲೇ ಹತ್ತನೇ ಮನೆ ಶುರುಮಾಡುವ ಪ್ಲಾಸಿಡಸ್ ಪದ್ಧತಿಯಲ್ಲಿ ಮಾತ್ರ ಹತ್ತರಲ್ಲೇ ಉಳಿಯುತ್ತದೆ. ಎರಡು ಪದ್ಧತಿ ಎರಡು ಮನೆ ಹೇಳಿದರೆ ತನಗೆ ಹಿಡಿಸಿದ್ದನ್ನು ಆರಿಸಿಕೊಳ್ಳುವುದು ಓದಲ್ಲ. ಒಂದು ಪದ್ಧತಿ ಮೊದಲೇ ಗೊತ್ತುಮಾಡಿಕೊಂಡು ಅದಕ್ಕೇ ಬದ್ಧರಾಗಿರಿ, ಮತ್ತು ಗಡಿಯಲ್ಲಿರುವ ಗ್ರಹದ ಮನೆಯ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ.

ನೀವು ಈಗ ಮಾಡಬೇಕಾದ್ದು: ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲೋ ಮನೆಯವರು ಬರೆಸಿಟ್ಟ ಜಾತಕದಲ್ಲೋ ಸಮಯ ಹುಡುಕಿ. ಆ ಸಮಯ ಹಾಕಿ ಒಮ್ಮೆ, ಹದಿನೈದು ನಿಮಿಷ ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ ಕುಂಡಲಿ ತೆಗೆಯಿರಿ. ಮೂರರಲ್ಲೂ ಪ್ಲೂಟೊ ಒಂದೇ ಮನೆಯಲ್ಲಿದ್ದರೆ ಮನೆಯ ಸಾಲು ಬಳಸಬಹುದು. ಸಮಯವೇ ಗೊತ್ತಿಲ್ಲದಿದ್ದರೆ ಮನೆಗಳನ್ನು ಪೂರ್ತಿ ಬಿಟ್ಟುಬಿಡಿ. ಸಮಯದ ಜಾಗ ಖಾಲಿ ಬಿಟ್ಟರೆ ಎಷ್ಟೋ ಆ್ಯಪ್‌ಗಳು ಸದ್ದಿಲ್ಲದೆ ಮಧ್ಯಾಹ್ನ 12:00 ಎಂದು ಹಿಡಿದು ಹನ್ನೆರಡೂ ಮನೆ ತುಂಬಿ ಕೊಡುತ್ತವೆ. ನಿಮ್ಮ ವರದಿಯ ಮೇಲ್ಭಾಗದಲ್ಲಿ ಆ ಹೊತ್ತು ನಮೂದಾಗಿದೆಯಾ ಎಂದು ಮೊದಲು ನೋಡಿಕೊಳ್ಳಿ.