ಬಾರದ ಬಾಡಿಗೆಯೂ ಬರುವ ಬಡ್ಡಿಯೂ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ನಮ್ಮ ಸ್ವಂತ ಮನೆಯಲ್ಲಿದ್ದೇವೆ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಕಾಲದ ಮನೆ ನನ್ನ ಹೆಸರಿಗೆ ಬಂದಿದೆ. ತೋಟ ಮಾರಿಯಾಗಿದೆ, ಮನೆಗೆ ಬೀಗ. ಬೆಂಗಳೂರಿನಲ್ಲಿ ಮಗನಿಗೆಂದು ಸಾಲ ಮಾಡಿ ತೆಗೆದುಕೊಂಡ ಫ್ಲಾಟ್ ಇದೆ. ಮಗ ಅಮೆರಿಕದಲ್ಲಿದ್ದಾನೆ, ಅದಕ್ಕೂ ಬೀಗ. ವರ್ಷಕ್ಕೆ ನಾಲ್ಕೂವರೆ ಲಕ್ಷ ಬಡ್ಡಿ ಕಟ್ಟುತ್ತಿದ್ದೇನೆ. ಈಗ ಆಡಿಟರು ‘ಮೂರನೇ ಮನೆಗೆ ಕಾಲ್ಪನಿಕ ಬಾಡಿಗೆ ತೋರಿಸಬೇಕು’ ಅನ್ನುತ್ತಾರೆ. ಒಂದು ರೂಪಾಯಿ ಬಾಡಿಗೆ ಬಾರದೆ ಆದಾಯ ತೆರಿಗೆ ಕಟ್ಟುವುದು ಯಾವ ನ್ಯಾಯ? ನೀವಾದರೂ ಇದರ ಬಗ್ಗೆ ಬರೆಯಬಾರದೇ?

– ಒಬ್ಬ ಓದುಗರು, ಮೈಸೂರು

ಬರೆಯುತ್ತೇನೆ. ಆದರೆ ನಿಮಗೆ ಪೂರ್ತಿ ಖುಷಿಯಾಗುವ ಹಾಗೆ ಬರೆಯಲಾರೆ. ಈ ವಿಷಯದಲ್ಲಿ ನನ್ನ ಮನಸ್ಸು ಬೀಗದ ಒಳಗಿನ ಮನೆಗಿಂತ ಬೀಗದ ಹೊರಗೆ ನಿಂತವರ ಕಡೆ ಜಾಸ್ತಿ ವಾಲುತ್ತದೆ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ತೀರ್ಥಹಳ್ಳಿ ಕಡೆಯ ಮನೆಯ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ. ಮಳೆಗಾಲದಲ್ಲಿ ಹೆಂಚು ಜಾರದಂತೆ ನೋಡಿಕೊಳ್ಳಲು ಜನ ಸಿಗುವುದೇ ಕಷ್ಟ. ಅಂಥಲ್ಲಿ ಬಾಡಿಗೆಗೆ ಯಾರು ಬರುತ್ತಾರೆ? ತೋಟ ನಿಮ್ಮ ಬಳಿಯೇ ಇದ್ದು, ಮನೆ ಅದಕ್ಕೆ ಹೊಂದಿಕೊಂಡಿದ್ದು, ಸಾಗುವಳಿಗೆ ಬೇಕಾದ ವಾಸದ ಮನೆಯೋ ಕಣಜವೋ ಆಗಿದ್ದರೆ ಅದು ಕೃಷಿ ಆದಾಯದ ಲೆಕ್ಕಕ್ಕೆ ಹೋಗುತ್ತಿತ್ತು. ಈ ತಂಟೆಯೇ ಇರುತ್ತಿರಲಿಲ್ಲ. ತೋಟ ಮಾರಿದ ಮೇಲೆ ಕಾಯ್ದೆಯ ಕಣ್ಣಿಗೆ ಅದೂ ಜಯನಗರದ ಮನೆಯ ಹಾಗೆ ಒಂದು ಮನೆ. ಹಳ್ಳಿಯ ಪಾಳು ಮನೆಯನ್ನು ಈ ಎಣಿಕೆಯಿಂದ ಬಿಟ್ಟರೆ ಸರ್ಕಾರಕ್ಕೆ ದೊಡ್ಡ ನಷ್ಟವೇನೂ ಆಗದು.

ಇನ್ನು ಫ್ಲಾಟಿನ ಮಾತು. ಎರಡು ಮನೆಗಳ ಬಾಡಿಗೆ ಮೌಲ್ಯವನ್ನು ಸೊನ್ನೆ ಅಂತ ತೋರಿಸುವ ಅವಕಾಶ ಈಗ ನಿಮಗಿದೆ. 2019ಕ್ಕೆ ಮೊದಲು ಒಂದೇ ಮನೆಗೆ ಇತ್ತು. 2025ರ ಬಜೆಟ್ ಇನ್ನೂ ಸಡಿಲ ಮಾಡಿತು. ನೀವು ಅಲ್ಲಿ ಯಾಕೆ ವಾಸವಿಲ್ಲ ಅನ್ನುವುದಕ್ಕೆ ಈಗ ಕಾರಣ ಕೊಡಬೇಕಿಲ್ಲ. 2026ರ ಏಪ್ರಿಲ್‌ನಿಂದ ಬಂದ ಹೊಸ ಕಾಯ್ದೆಯಲ್ಲಿ ಕಲಂ ನಂಬರುಗಳು ಬದಲಾಗಿವೆ, ಲೆಕ್ಕದ ಬುಡ ಅದೇ. ಮೂರನೇ ಮನೆ ಬಂದಾಗ ಮಾತ್ರ ಅದನ್ನು ಬಾಡಿಗೆಗೆ ಕೊಟ್ಟಂತೆ ಭಾವಿಸುತ್ತಾರೆ. ಮೂರರಲ್ಲಿ ಯಾವುದನ್ನು ಹಾಗೆ ಭಾವಿಸಬೇಕು ಅನ್ನುವುದು ನಿಮ್ಮ ಆಯ್ಕೆ. ವರ್ಷವರ್ಷಕ್ಕೆ ಬದಲಿಸಬಹುದು. ನಿಮ್ಮ ಆಡಿಟರು ಈ ಮಾತನ್ನು ಒತ್ತಿ ಹೇಳಿದ್ದರೆ ನೀವು ನನಗೆ ಕಾಗದ ಬರೆಯುತ್ತಲೇ ಇರಲಿಲ್ಲವೇನೋ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ನಿಮ್ಮ ಮನೆಗಳ ಬಾಡಿಗೆ ನನಗೆ ಗೊತ್ತಿಲ್ಲ, ಅಂದಾಜು ಇಟ್ಟುಕೊಳ್ಳುತ್ತೇನೆ. ನಿಮ್ಮ ಫ್ಲಾಟಿನಂಥದ್ದೇ ಪಕ್ಕದ ಫ್ಲಾಟಿಗೆ ತಿಂಗಳಿಗೆ 25,000 ಬಾಡಿಗೆ ಅನ್ನಿ. ವರ್ಷಕ್ಕೆ ಮೂರು ಲಕ್ಷ. ನೀವು ಆ ವರ್ಷ ನಿಜವಾಗಿ ಕಟ್ಟಿದ ಮನೆ ಕಂದಾಯ 10,000 ಕಳೆಯಿರಿ, ಉಳಿಯಿತು 2,90,000. ಅದರಲ್ಲಿ ನೂರಕ್ಕೆ ಮೂವತ್ತು, ಅಂದರೆ 87,000 ರಿಪೇರಿ ಮುಂತಾದ್ದಕ್ಕೆ ಅಂತ ಬಿಡುತ್ತಾರೆ. ನೀವು ಸುಣ್ಣ ಹೊಡೆಸದೇ ಇದ್ದರೂ ಸೈ. ಉಳಿದದ್ದು 2,03,000. ಇದರಿಂದ ನಿಮ್ಮ ಬಡ್ಡಿ ಪೂರ್ತಿ ನಾಲ್ಕೂವರೆ ಲಕ್ಷ ಕಳೆಯಬಹುದು, ಯಾಕೆಂದರೆ ಬಾಡಿಗೆ ಮನೆಯ ಬಡ್ಡಿಗೆ ಮಿತಿ ಇಲ್ಲ. 2,47,000 ನಷ್ಟ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಇದರಲ್ಲಿ ಎರಡು ಲಕ್ಷವನ್ನು ನಿಮ್ಮ ಸಂಬಳದಿಂದಲೋ ಬೇರೆ ಆದಾಯದಿಂದಲೋ ಇಳಿಸಿಕೊಳ್ಳಬಹುದು. ಉಳಿದ 47,000 ಮುಂದಿನ ಎಂಟು ವರ್ಷದೊಳಗೆ ಮನೆಯ ಆದಾಯ ಬಂದರೆ ಅದರ ಎದುರಿಗೆ ಹಿಡಿಯಬಹುದು.

ಈಗ ತಿರುಗಿಸಿ. ಫ್ಲಾಟನ್ನು ಸೊನ್ನೆ ಮನೆ ಮಾಡಿ, ಹಳ್ಳಿ ಮನೆಯನ್ನು ಬಾಡಿಗೆಯದು ಅಂತ ತೋರಿಸಿದಿರಿ ಅಂದುಕೊಳ್ಳಿ. ಫ್ಲಾಟಿನ ಬಡ್ಡಿ ಎಷ್ಟೇ ಇರಲಿ, ಸ್ವಂತ ವಾಸದ ಮಿತಿ ಎರಡು ಲಕ್ಷ ಮಾತ್ರ. ಹಳ್ಳಿ ಮನೆಗೆ ತಿಂಗಳಿಗೆ 2,500 ಅಂತ ಹಿಡಿದು, ಪಂಚಾಯ್ತಿ ಕಂದಾಯ 1,000 ಕಳೆದು, ಮೂವತ್ತು ಭಾಗ ಬಿಟ್ಟರೆ 20,300 ಆದಾಯ. ಒಟ್ಟು ನಷ್ಟ 1,79,700ಕ್ಕೆ ಇಳಿಯಿತು. ನೀವು ಬೈಯುತ್ತಿರುವ ಆ ಕಾಲ್ಪನಿಕ ಬಾಡಿಗೆಯನ್ನು ಫ್ಲಾಟಿಗೇ ಹಾಕಿಸಿಕೊಂಡರೆ ನಿಮಗೇ ಲಾಭ! ಹೊಸ ಪದ್ಧತಿಯಲ್ಲಿದ್ದರೂ ಫ್ಲಾಟೇ ಒಳ್ಳೆಯದು. ಅಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಬಾಡಿಗೆ ಎಂದು ತೋರಿಸಿದ ಮನೆಗೆ ಬಡ್ಡಿ ಕಳೆಯಬಹುದು, ಆದರೆ ನಷ್ಟವನ್ನು ಸಂಬಳದ ಮೇಲೆ ಹಾಕುವಂತಿಲ್ಲ. ಆದಾಯವಂತೂ ಸೊನ್ನೆಗಿಂತ ಮೇಲೇರುವುದಿಲ್ಲ.

ಅಂದರೆ ನಿಮ್ಮ ಮಟ್ಟಿಗೆ, ಸಾಲ ದೊಡ್ಡದಿರುವವರೆಗೆ, ಬಾರದ ಬಾಡಿಗೆಗೆ ನೀವು ಕಟ್ಟುವ ತೆರಿಗೆ ಒಂದು ರೂಪಾಯಿಯೂ ಇಲ್ಲ. ಹಳೆಯ ಪದ್ಧತಿಯಲ್ಲಿದ್ದರೆ, ವರ್ಷದ ಬಡ್ಡಿ 3,82,700ಕ್ಕಿಂತ ಕೆಳಗಿಳಿದ ವರ್ಷದಿಂದಲೇ ಫ್ಲಾಟನ್ನು ಸೊನ್ನೆ ಮಾಡಿ ಹಳ್ಳಿ ಮನೆಯನ್ನು ಬಾಡಿಗೆಯದಾಗಿ ತೋರಿಸುವುದು ಲಾಭ. ಹೊಸ ಪದ್ಧತಿಯಲ್ಲಾದರೆ, ಬಡ್ಡಿ 2,03,000ಕ್ಕಿಂತ ಕೆಳಗಿಳಿದ ವರ್ಷದಿಂದ ಫ್ಲಾಟಿನ ಲೆಕ್ಕ ಆದಾಯದ ಕಡೆ ತಿರುಗುತ್ತದೆ. ಆಗ ಹಳೆಯ ನಷ್ಟ ಉಳಿದಿದ್ದರೆ ಮೊದಲು ಅದನ್ನು ಹಿಡಿಯಿರಿ. ಅದು ಮುಗಿದು, ಫ್ಲಾಟಿನ ಆದಾಯ ಹಳ್ಳಿ ಮನೆಯ 20,300 ಮೀರಿದಾಗ ಫ್ಲಾಟನ್ನು ಸೊನ್ನೆ ಮಾಡಿ ಹಳ್ಳಿ ಮನೆಯನ್ನು ಬಾಡಿಗೆಯದಾಗಿ ತೋರಿಸಿ. ಪೆಟ್ಟು ಬೀಳುವುದು ಸಾಲವಿಲ್ಲದೆ ಮೂರು ನಾಲ್ಕು ಫ್ಲಾಟ್ ಇಟ್ಟವರಿಗೆ. ಇಂಥದ್ದೇ ಒಂದು ಫ್ಲಾಟಿಗೆ ಅವರ ಲೆಕ್ಕದ ಆದಾಯ 2,03,000. ಮೂವತ್ತರ ದರದಲ್ಲಿ, ಸೆಸ್ ಸೇರಿ, 63,336 ರೂಪಾಯಿ ತೆರಿಗೆ. ಎರಡೂವರೆ ತಿಂಗಳ ಬಾಡಿಗೆಯಷ್ಟು. ನಾಲ್ಕನೇ ಮನೆಗೆ ಬೀಗ ಹಾಕಿಕೊಳ್ಳುವ ಸುಖಕ್ಕೆ ಇದು ದುಬಾರಿ ಅಂತ ನನಗೆ ಅನ್ನಿಸುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಷ್ಟ ಹಿಗ್ಗಿಸಲು ಕೆಲವರು ಬೆಂಗಳೂರಿನ ಫ್ಲಾಟಿಗೆ ತಿಂಗಳಿಗೆ ಐದು ಸಾವಿರ ಬಾಡಿಗೆ ಬರೆಯುತ್ತಾರೆ. ಅದು ನಿಲ್ಲುವುದಿಲ್ಲ. ಆ ಮನೆ ನ್ಯಾಯವಾಗಿ ಎಷ್ಟಕ್ಕೆ ಹೋಗಬಹುದಿತ್ತು ಅನ್ನುವುದು ಅಳತೆ. ನಗರಪಾಲಿಕೆ ಕಟ್ಟಿದ ಮೌಲ್ಯ ಮತ್ತು ಅಕ್ಕಪಕ್ಕದ ಬಾಡಿಗೆ, ಎರಡನ್ನೂ ನೋಡಿ ಹೆಚ್ಚಿನದನ್ನು ಹಿಡಿಯುತ್ತಾರೆ. ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಮನೆಯಾದರೆ ಅದರ ನಿಗದಿ ಬಾಡಿಗೆ ಮೀರುವಂತಿಲ್ಲ. ಆದ್ದರಿಂದ ಅದೇ ಅಪಾರ್ಟ್‌ಮೆಂಟಿನ ಯಾರದಾದರೂ ಬಾಡಿಗೆ ಕರಾರಿನ ನಕಲು ತೆಗೆದಿಟ್ಟುಕೊಳ್ಳಿ. ‘ಖಾಲಿ ಇತ್ತು, ಅದಕ್ಕೇ ಸೊನ್ನೆ’ ಅಂತ ವಾದಿಸುವುದೂ ಅಪಾಯ. ಖಾಲಿ ಅವಧಿಯ ರಿಯಾಯ್ತಿ ಬಾಡಿಗೆಗೆ ಕೊಟ್ಟ ಮನೆಗೆ. ಕೊಡುವ ಆಸೆ ಇಟ್ಟುಕೊಂಡರೆ ಸಾಲದು ಅಂತ ಆಂಧ್ರ ಹೈಕೋರ್ಟ್ 2011ರಲ್ಲೇ ಹೇಳಿದೆ. ಕೆಲವು ನ್ಯಾಯಮಂಡಳಿಗಳು ಮಾಲೀಕರ ಕಡೆ ವಾಲಿವೆ, ನಿಜ. ಅದನ್ನು ನಂಬಿ ರಿಟರ್ನ್ ತುಂಬುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಈಗ ನನ್ನ ತಕರಾರಿಗೆ ಬರುತ್ತೇನೆ. ತಾನೇ ವಾಸವಿರುವ ಮನೆಗೂ ಒಂದು ಕಾಲದಲ್ಲಿ ಈ ದೇಶದಲ್ಲಿ ಕಾಲ್ಪನಿಕ ಬಾಡಿಗೆ ಇತ್ತು. 1922ರ ಕಾಯ್ದೆಯಲ್ಲಿ ಅದು ಒಟ್ಟು ಆದಾಯದ ಹತ್ತನೇ ಒಂದು ಭಾಗ ಮೀರಬಾರದು ಅಂತ ಮಿತಿ ಇಟ್ಟಿದ್ದರು. ಅದರ ಹಿಂದಿನ ಯೋಚನೆ ಸರಳ. ಇಬ್ಬರು ಗೆಳೆಯರ ಬಳಿ ಐವತ್ತೈವತ್ತು ಲಕ್ಷ ಇದೆ. ಒಬ್ಬ ಬ್ಯಾಂಕಿನಲ್ಲಿಟ್ಟು, ಬಡ್ಡಿಗೆ ತೆರಿಗೆ ಕಟ್ಟಿ, ಉಳಿದದ್ದರಲ್ಲಿ ಬಾಡಿಗೆ ಕೊಡುತ್ತಾನೆ. ಇನ್ನೊಬ್ಬ ಮನೆ ಕೊಂಡು ಅದರಲ್ಲೇ ಕೂತ. ಬಾಡಿಗೆ ಉಳಿಯಿತು, ತೆರಿಗೆಯೂ ಉಳಿಯಿತು. ಉಳಿದ ಬಾಡಿಗೆಯೂ ಒಂದು ಆದಾಯ ಅಂತ ಹಿಡಿದರೆ ಮಾತ್ರ ಇಬ್ಬರೂ ಸಮ. ಆದಾಯ ಹಿಡಿದ ಮೇಲೆ ಅದನ್ನು ಗಳಿಸಲು ಕೊಟ್ಟ ಸಾಲದ ಬಡ್ಡಿ ಕಳೆಯುವುದೂ ನ್ಯಾಯ. ಎರಡೂ ಒಂದೇ ನೊಗದ ಎತ್ತುಗಳು.

1986ರ ಹಣಕಾಸು ಕಾಯ್ದೆ ಒಂದು ಎತ್ತನ್ನು ಬಿಚ್ಚಿತು. ವಾಸದ ಮನೆಯ ಮೌಲ್ಯ ಸೊನ್ನೆ ಆಯಿತು. ಸರಿ, ಯಾರೂ ಅತ್ತಿಲ್ಲ. ಆದರೆ ಇನ್ನೊಂದು ಎತ್ತು ಉಳಿಯಿತು, ಉಳಿದು ಕೊಬ್ಬಿತು. ಆದಾಯವೇ ಇಲ್ಲ ಅಂದ ಮನೆಗೆ ಬಡ್ಡಿ ಮಾತ್ರ ಕಳೆಯಬಹುದು! ಮಿತಿ 30,000ದಿಂದ ಒಂದೂವರೆ ಲಕ್ಷ ದಾಟಿ 2014ರಲ್ಲಿ ಎರಡು ಲಕ್ಷವಾಯಿತು. ಬ್ರಿಟನ್ನು 1963ರಲ್ಲಿ ವಾಸದ ಮನೆಯ ಕಾಲ್ಪನಿಕ ಬಾಡಿಗೆ ಬಿಟ್ಟು, ಬಡ್ಡಿ ವಿನಾಯಿತಿ ತೆಗೆಯಲು 2000ದ ತನಕ ಕಾದಿತು. ಸ್ವಿಟ್ಜರ್ಲೆಂಡಿನವರು ಜಾಣರು. 2025ರ ಸೆಪ್ಟೆಂಬರ್‌ನಲ್ಲಿ ಮತ ಹಾಕಿ ಕಾಲ್ಪನಿಕ ಬಾಡಿಗೆ ಕೈಬಿಡುವುದಕ್ಕೆ ಒಪ್ಪಿದಾಗ, ಅದರ ಜೊತೆಗೇ ಬಡ್ಡಿ ವಿನಾಯಿತಿಯ ಬಹುಪಾಲೂ ಹೋಗುವ ಹಾಗೆ ಕಟ್ಟಿದ್ದರು. ನಮ್ಮಲ್ಲಿ ಹೊಸ ಪದ್ಧತಿ ಸ್ವಂತ ವಾಸದ ಬಡ್ಡಿಗೆ ಬಾಗಿಲು ಹಾಕಿದಾಗ ‘ಮಧ್ಯಮ ವರ್ಗಕ್ಕೆ ಅನ್ಯಾಯ’ ಅಂತ ಕೂಗಿದವರಲ್ಲಿ ನಮ್ಮ ಕಚೇರಿಯ ಅರ್ಧ ಜನ ಇದ್ದರು. ನಾನು ಸುಮ್ನಿದ್ದೆ. ಅವರಿಗೆ ಮನೆ ಇತ್ತು.

ಮನೆ ಇಲ್ಲದವರ ಪಾಡು ನೋಡಿ. ನಮ್ಮಲ್ಲಿ ಪುಟ ವಿನ್ಯಾಸ ಮಾಡುವ ಹುಡುಗ ಗುತ್ತಿಗೆ ಮೇಲೆ ಕೆಲಸ ಮಾಡುತ್ತಾನೆ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇಲ್ಲ. ಕೊಡುವ ಬಾಡಿಗೆ ತಿಂಗಳಿಗೆ 16,000. ಹಳೆಯ ಪದ್ಧತಿಯಲ್ಲಿ ಅಂಥವರಿಗೆ ಕಾಯ್ದೆ ಬಿಡುವುದು ತಿಂಗಳಿಗೆ ಹೆಚ್ಚೆಂದರೆ 5,000, ಅಂದರೆ ವರ್ಷಕ್ಕೆ 60,000. ಹೊಸದರಲ್ಲಿ ಅದೂ ಇಲ್ಲ. ಪಕ್ಕದ ಮೇಜಿನವರು ಬ್ಯಾಂಕಿಗೆ ಕೊಟ್ಟ ಬಡ್ಡಿಗೆ ಎರಡು ಲಕ್ಷ ಬಿಡಿಸಿಕೊಳ್ಳುತ್ತಾರೆ. ಇಬ್ಬರೂ ಕೊಡುತ್ತಿರುವುದು ತಲೆ ಮೇಲಿನ ಸೂರಿಗೇ ಅಲ್ವಾ? ಅವನು ಮನೆ ಹುಡುಕಿದ ಬೀದಿಯಲ್ಲಿ ಸಂಜೆ ದೀಪ ಹತ್ತದ ಫ್ಲಾಟುಗಳು ಬೇಕಾದಷ್ಟಿದ್ದವಂತೆ. ಸೆಕ್ಯುರಿಟಿಯವರನ್ನು ಕೇಳಿದರೆ ಒಂದೇ ಉತ್ತರ: ‘ಓನರ್ ಫಾರಿನ್ನಲ್ಲಿದಾರೆ.’

ಬೆಂಗಳೂರಿನ ಭೋಗ್ಯದ ಕಥೆಯೂ ಇದಕ್ಕೇ ಸೇರಿದ್ದು. ಹದಿನೈದು ಲಕ್ಷ ಕೈಗೆ ತೆಗೆದುಕೊಂಡು, ‘ಬಾಡಿಗೆ ಇಲ್ಲ, ಆದಾಯ ಇಲ್ಲ’ ಅನ್ನುವ ಮಾಲೀಕರು ಎಷ್ಟೋ ಮಂದಿ. ಮನೆಗೆ ನ್ಯಾಯವಾಗಿ ಬರಬಹುದಾದ ಬಾಡಿಗೆಯೇ ಅಲ್ಲಿ ಲೆಕ್ಕ. ಹಣವನ್ನು ಬ್ಯಾಂಕಿನಲ್ಲಿಟ್ಟರೆ ಅದರ ಬಡ್ಡಿ ಬೇರೆ. ಕಾಲ್ಪನಿಕ ಬಾಡಿಗೆ ಅನ್ನುವ ನಿಯಮ ಇಲ್ಲದಿದ್ದರೆ ನಾಡಿದ್ದೇ ಎಲ್ಲರೂ ಬಾಡಿಗೆ ಬಿಟ್ಟು ಭೋಗ್ಯಕ್ಕೆ ತಿರುಗುತ್ತಿದ್ದರು.

ಹಾಗಾಗಿ ನಿಮ್ಮ ಪರ ಹೋರಾಟಕ್ಕೆ ನನ್ನ ಲೇಖನಿ ಸಿಗದು, ಬೇಸರ ಮಾಡಿಕೊಳ್ಳಬೇಡಿ. ಕೆಲಸಕ್ಕೆ ಬರುವ ಮಾತು ಇಷ್ಟು: ಮೂರು ಮನೆಯವರಿಗೆ ಒಂದನೇ ನಮೂನೆಯ ರಿಟರ್ನ್ ನಡೆಯುವುದಿಲ್ಲ. ವ್ಯಾಪಾರದ ಆದಾಯ ಇಲ್ಲದಿದ್ದರೆ ಎರಡನೆಯದು ತುಂಬಿ. ಮೈಸೂರು, ತೀರ್ಥಹಳ್ಳಿ ಮನೆಗಳನ್ನು ಸ್ವಂತ ವಾಸ ಅಂತಲೂ ಫ್ಲಾಟನ್ನು ಬಾಡಿಗೆಗೆ ಕೊಟ್ಟಂತೆ ಭಾವಿಸಿದ್ದು ಅಂತಲೂ ಆರಿಸಿ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಇಎಂಐ ಪೂರ್ತಿ ಬರೆಯಬೇಡಿ, ಅದರಲ್ಲಿ ಅಸಲೂ ಇರುತ್ತದೆ. ಮಗನನ್ನು ಒಂದು ಮಾತು ಕೇಳಿ ಫ್ಲಾಟನ್ನು ನಿಜವಾಗಿಯೇ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಮೂರು ಲಕ್ಷ ಕೈಗೆ ಬರುತ್ತದೆ, ತೆರಿಗೆ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ. ಕೊಡುವುದಾದರೆ ದಯವಿಟ್ಟು ಹತ್ತು ತಿಂಗಳ ಅಡ್ವಾನ್ಸ್ ಕೇಳಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಅನ್ನುತ್ತದೆ.

– ಸಂ.