ಗೇನ್‌ಗಿಂತ ಮೊದಲು ಹಿಚ್ ಭಾರ

"ಕುಂಬಳೆಯಿಂದ ಮಂಜೇಶ್ವರಕ್ಕೆ 1500 ಕಿಲೋ ಟ್ರೈಲರ್ ಎಳೆಯುವಾಗ ಅದು ಅತ್ತಿತ್ತ ಓಲಾಡುತ್ತದೆ. ಟ್ರೈಲರ್ ಸಿಕ್ಕಿಸುವ ಹಿಚ್ ಮೇಲೆ 90 ಕಿಲೋ ಇದೆ. ಬ್ರೇಕ್ ಗೇನ್ ಹೆಚ್ಚಿಸಲೇ?"

ಈಗಲೇ ಬೇಡ. ಗೇನ್ ಎಂದರೆ ಟ್ರೈಲರ್‌ನ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಹೊಂದಿಕೆ. 90 ಕಿಲೋ ಎಂದರೆ ಒಟ್ಟು ತೂಕದ ಶೇ. 6 ಮಾತ್ರ, ಪಿಕಪ್‌ಗಳಿಗೆ ಸಾಮಾನ್ಯವಾಗಿ ಶೇ. 10ರಿಂದ 15 ಇರಬೇಕು. ಆಕ್ಸಲ್‌ನಿಂದ ಟ್ರೈಲರನ್ನು ಹಿಚ್‌ಗೆ ಸಿಕ್ಕಿಸುವ ಕಪ್ಲರ್‌ಗೆ 4 ಮೀಟರ್ ಅಂತರವಿದ್ದರೆ, 300 ಕಿಲೋ ಸಾಮಾನನ್ನು 1 ಮೀಟರ್ ಮುಂದಕ್ಕೆ ಸರಿಸಿದಾಗ ಹಿಚ್ ಭಾರ 75 ಕಿಲೋ ಏರಿ 165 ಆಗುತ್ತದೆ, ಅಂದರೆ ಶೇ. 11. ಇದು ನಿಮ್ಮ ವಾಹನದ ಹಿಚ್‌ನ ಮಿತಿಯೊಳಗಿದೆಯೇ ಎಂದು ನೋಡಿಕೊಳ್ಳಿ. ಅಡಿಕೆ ತೂಗುವ ಯಂತ್ರವನ್ನು ಕಪ್ಲರ್‌ನ ಕೆಳಗೆ, ಟ್ರೈಲರ್ ಸಮತಟ್ಟಾಗಿ ನಿಲ್ಲುವ ಎತ್ತರದಲ್ಲಿಟ್ಟು ಮತ್ತೊಮ್ಮೆ ತೂಗಿ.

ಗೇನ್ ಹೊಂದಿಸುವುದು ಆಮೇಲೆ. ವಾಹನಗಳಿಲ್ಲದ ಒಣ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಟ್ರೈಲರ್ ಬ್ರೇಕ್ ಕಂಟ್ರೋಲರ್‌ನ ಕೈ ಲಿವರನ್ನು ಪೂರ್ತಿ ಒತ್ತಿ, ಟ್ರೈಲರ್‌ನ ಚಕ್ರಗಳು ಲಾಕ್ ಆಗುವವರೆಗೆ ಗೇನನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಬಳಿಕ ಲಾಕ್ ಆಗದಷ್ಟು ಇಳಿಸಿ. ಟ್ರೈಲರ್ ಹಿಂದಿನಿಂದ ನೂಕಿದರೆ ಗೇನ್ ಕಡಿಮೆಯಾಗಿದೆ, ಹಿಂದಕ್ಕೆ ಜಗ್ಗಿದರೆ ಹೆಚ್ಚಾಗಿದೆ. ಹೊರೆ ಬದಲಾದಾಗಲೆಲ್ಲ ಮತ್ತೆ ಹೊಂದಿಸಬೇಕು.

ವಾಹನದ ಟೋ ಮೋಡ್ ಗೇರ್ ಬದಲಾವಣೆಯನ್ನು ತಡಮಾಡಿಸಿ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್‌ಗೆ ನೆರವಾಗುತ್ತದೆ. ತಪ್ಪಾಗಿ ಹೇರಿದ ಹೊರೆಯನ್ನು ಅದು ಸರಿಪಡಿಸದು. ದಾರಿಯಲ್ಲಿ ಮತ್ತೆ ಓಲಾಡಿದರೆ ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರವಾಗಿ ಹಿಡಿದು, ಕೈ ಲಿವರಿನಿಂದ ಟ್ರೈಲರ್ ಬ್ರೇಕನ್ನು ಮಾತ್ರ ಮೆಲ್ಲನೆ ಒತ್ತಿ.